ಸೋಪಿನ ಪೊರೆ ಒಡೆಯುವ ಮುಂಚೆ ಕಪ್ಪಾಗುವುದೇಕೆ?

ಸೋಪಿನ ಗುಳ್ಳೆಯ ಬಣ್ಣಗಳನ್ನು ಅರ್ಥ ಮಾಡಿಕೊಳ್ಳಲು ಹಾರುವ ಗುಳ್ಳೆ ಅಷ್ಟೇನೂ ಒಳ್ಳೆಯದಲ್ಲ. ಅದು ಒಂದು ಕಡೆ ನಿಲ್ಲುವುದಿಲ್ಲ. ಅದರ ಮೈಮೇಲೆ ಬಣ್ಣಗಳು ಸುಳಿಸುಳಿಯಾಗಿ ಕಲಸಿಹೋಗಿರುತ್ತವೆ. ಕಣ್ಣು ನೆಟ್ಟು ನೋಡುವಷ್ಟರಲ್ಲಿ ಒಡೆದೂ ಹೋಗಿರುತ್ತದೆ. ಅದರ ಬದಲು ಒಳಗೆ ಕಪ್ಪು ಬಣ್ಣವಿರುವ ಒಂದು ಕಾಫಿ ಮಗ್ ತೆಗೆದುಕೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಅದರ ಬಾಯಿ ಅದ್ದಿ, ನಿಧಾನಕ್ಕೆ ಮೇಲೆತ್ತಿ. ಬಾಯಿಗೆ ಅಡ್ಡಲಾಗಿ ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಈಗ ಮಗ್ಗನ್ನು ಅಡ್ಡ ಮಲಗಿಸಿ. ಪೊರೆ ನೆಟ್ಟಗೆ ನಿಲ್ಲಬೇಕು, ಅಷ್ಟೇ. ಕಿಟಕಿಯಾಚೆಯ ಬಿಳಿ ಆಕಾಶವೋ ಬೆಳಕು ಬಿದ್ದ ಬಿಳಿ ಗೋಡೆಯೋ ಪೊರೆಯಲ್ಲಿ ಪ್ರತಿಫಲಿಸಿ ಕಾಣುವ ಹಾಗೆ ಕೂತುಕೊಳ್ಳಿ.

ಮೊದಲಿಗೆ ಹೆಚ್ಚೇನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಪೊರೆಯ ಮೇಲ್ಭಾಗದಲ್ಲಿ ತೆಳು ಗುಲಾಬಿ, ತೆಳು ಹಸಿರು ಪಟ್ಟೆಗಳು ಮೂಡುತ್ತವೆ. ಅವು ಮೆಲ್ಲಗೆ ಕೆಳಗಿಳಿಯುತ್ತವೆ, ಅವುಗಳ ಹಿಂದೆ ಇನ್ನೂ ಗಾಢವಾದ ಬಣ್ಣಗಳು ಬರುತ್ತವೆ. ಕೊನೆಗೆ ಮೇಲಿನ ತುದಿಯಲ್ಲಿ ಬೆಳ್ಳಿಯಂಥ ಬಿಳಿ ಪಟ್ಟೆಯೊಂದು ಕಾಣಿಸುತ್ತದೆ. ಪೊರೆ ಅಷ್ಟು ಹೊತ್ತು ಬಾಳಿದರೆ, ಆ ಬಿಳಿಯ ಮೇಲೆ ಕಡುಕಪ್ಪು ಜಾಗವೊಂದು ತೆರೆದುಕೊಳ್ಳುತ್ತದೆ. ಪೊರೆಯ ಮೇಲ್ಭಾಗ ಹರಿದುಹೋಗಿದೆ ಎಂದೇ ಅನ್ನಿಸುತ್ತದೆ. ಹರಿದಿರುವುದಿಲ್ಲ.

ನಾನು ಈ ಕಪ್ಪಿನ ಕಡೆಯಿಂದಲೇ ವಿಷಯ ಹೇಳುತ್ತೇನೆ. ಉಳಿದ ಬಣ್ಣಗಳನ್ನು ಅರೆಬರೆ ವಿವರಣೆಯಿಂದಲೂ ಹೇಗೋ ದಾಟಿಸಬಹುದು. ಕಪ್ಪಿಗೆ ಮಾತ್ರ ಅದು ಸಾಲುವುದಿಲ್ಲ.

ಪೊರೆ ಅಂದರೆ ಏನು? ಎರಡೂ ಕಡೆ ಸೋಪಿನ ಅಣುಗಳ ಒಂದೊಂದು ಪದರ, ನಡುವೆ ನೀರು. ಬೆಳಕು ಇದರ ಮೇಲೆ ಬಿದ್ದಾಗ ಬಹುಪಾಲು ನೇರವಾಗಿ ಆಚೆ ದಾಟಿಹೋಗುತ್ತದೆ. ಗಾಳಿಯಿಂದ ನೀರಿಗೆ ಇಳಿಯುವ ಮುಂದಿನ ಮುಖದಲ್ಲಿ ಶೇ. 2ರಷ್ಟು ಮಾತ್ರ ವಾಪಸ್ ಬರುತ್ತದೆ. ಹಿಂದಿನ ಮುಖದಲ್ಲಿ, ನೀರಿನಿಂದ ಗಾಳಿಗೆ ಹೊರಡುವಾಗ, ಮತ್ತೆ ಹೆಚ್ಚುಕಡಿಮೆ ಅಷ್ಟೇ ವಾಪಸ್ ಬರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಈ ಎರಡು ಅಲೆಗಳು ಕೂಡಿದ ಫಲ. ಪಠ್ಯಪುಸ್ತಕದಲ್ಲಿ ವ್ಯತಿಕರಣ ಎನ್ನುವುದು ಇದನ್ನೇ.

ಎರಡರ ಬಲ ಹೆಚ್ಚುಕಡಿಮೆ ಸಮ ಎನ್ನುವುದು ಇಲ್ಲಿ ಮುಖ್ಯ. ಒಂದರ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಕೂತರೆ ಅಲೆಯ ಎತ್ತರ ಎರಡರಷ್ಟಾಗುತ್ತದೆ. ಬೆಳಕಿನ ಪ್ರಮಾಣ ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ನಾಲ್ಕರಷ್ಟಾಗುತ್ತದೆ. ಶೇ. 2 ಇದ್ದದ್ದು ಶೇ. 8 ಆಗುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಕೂತರೆ ಎರಡೂ ಸೇರಿ ಸೊನ್ನೆ. ಹಾಗಾದರೆ ಆ ಬೆಳಕು ಎಲ್ಲಿ ಹೋಯಿತು? ಎಲ್ಲೂ ನಾಶವಾಗಿಲ್ಲ, ಪೊರೆ ದಾಟಿ ಆಚೆ ಹೋಯಿತು. ವಾಪಸ್ ಬರುವುದು ಸೊನ್ನೆಯಾದ ಕಡೆ ಆಚೆ ಹೋಗುವುದು ಪೂರ್ತಿ ನೂರು. ವಾಪಸ್ ಬರುವುದು 8 ಆದ ಕಡೆ ಆಚೆ ಹೋಗುವುದು 92. ಪೊರೆಯನ್ನು ಬೆಳಕಿನ ಕಡೆಗೆ ಹಿಡಿದು ಅದರ ಮೂಲಕ ನೋಡಿದರೆ ಬಣ್ಣ ಕಾಣದಿರುವುದಕ್ಕೆ ಇದೇ ಕಾರಣ. 92ಕ್ಕೂ 100ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಸೊನ್ನೆಗೂ ಎಂಟಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಮಗ್ಗಿನ ಒಳಗೆ ಕಪ್ಪು ಇರಲಿ ಎಂದದ್ದು ಅದಕ್ಕೇ. ಹೊಳೆಯುವ ಸ್ಟೀಲ್ ಲೋಟವಾದರೆ ಅದರ ತಳದಿಂದ ಬರುವ ಬೆಳಕಿನಲ್ಲಿ ಈ ಶೇ. 8 ಮುಳುಗಿಹೋಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಪೊರೆಯ ದಪ್ಪ 200 ನ್ಯಾನೋಮೀಟರ್ ಎಂದುಕೊಳ್ಳಿ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್. ಹಿಂದಿನ ಮುಖದಿಂದ ಬರುವ ಅಲೆ ಪೊರೆಯೊಳಗೆ ಹೋಗಿ ಬರಬೇಕು, ಅಂದರೆ 400 ನ್ಯಾನೋಮೀಟರ್ ಜಾಸ್ತಿ ದಾರಿ. ಆದರೆ ಅದು ಸಾಗಿದ್ದು ನೀರಿನಲ್ಲಿ. ನೀರಿನಲ್ಲಿ ಬೆಳಕು 1.33 ಪಟ್ಟು ನಿಧಾನ, ಅಲೆಗಳೂ ಅಷ್ಟೇ ಪಟ್ಟು ಒತ್ತೊತ್ತಾಗುತ್ತವೆ. ಹಾಗಾಗಿ ಗಾಳಿಯ ಲೆಕ್ಕದಲ್ಲಿ ಆ ದಾರಿ 400 × 1.33, ಅಂದರೆ 532 ನ್ಯಾನೋಮೀಟರ್.

532 ಅಂದರೆ ಹಸಿರು ಬೆಳಕಿನ ಅಲೆಯುದ್ದ. ಹಸಿರಿನ ಎರಡನೇ ಅಲೆ ಸರಿಯಾಗಿ ಒಂದು ಪೂರ್ತಿ ಅಲೆಯಷ್ಟು ಹಿಂದೆ ಬಿದ್ದಿದೆ. ಒಂದು ಪೂರ್ತಿ ಅಲೆ ಹಿಂದೆ ಬಿದ್ದರೆ ಉಬ್ಬಿನ ಮೇಲೆ ಉಬ್ಬೇ ಬಂದು ಕೂರುತ್ತದೆ. ಹಾಗಾಗಿ ಈ ದಪ್ಪದ ಪೊರೆ ಹಸಿರಾಗಿ ಹೊಳೆಯಬೇಕು, ಅಲ್ವಾ?

ಹೊಳೆಯುವುದಿಲ್ಲ. ಇಲ್ಲಿ ಹಸಿರೇ ಪೂರ್ತಿ ಮಾಯ. ಕೆಂಪು ಮತ್ತು ನೀಲಿ ಅಲ್ಪಸ್ವಲ್ಪ ಉಳಿದು, ಎರಡೂ ಸೇರಿ ನೇರಳೆಗೆಂಪಾಗಿ ಕಾಣುತ್ತವೆ. ಲೆಕ್ಕ ಸರಿಯಾಗಿಯೇ ಇದೆ, ಉತ್ತರ ಮಾತ್ರ ತದ್ವಿರುದ್ಧ. ಇನ್ನೂ ತೆಳುವಾದ ಪೊರೆಯಲ್ಲಿ ಈ ತೊಂದರೆ ಇನ್ನೂ ಸ್ಪಷ್ಟ. ದಪ್ಪ ಸೊನ್ನೆಯ ಹತ್ತಿರ ಬಂತು ಎನ್ನಿ. ಆಗ ಎರಡನೇ ಅಲೆಗೆ ಹೆಚ್ಚುವರಿ ದಾರಿಯೇ ಇಲ್ಲ, ಎರಡೂ ಅಲೆ ಒಟ್ಟಿಗೇ ಹೊರಡುತ್ತವೆ. ಉಬ್ಬಿನ ಮೇಲೆ ಉಬ್ಬು ಬೀಳಬೇಕು, ಎಲ್ಲ ಬಣ್ಣಕ್ಕೂ ಬೀಳಬೇಕು, ಪೊರೆ ಬೆಳ್ಳಗೆ ಹೊಳೆಯಬೇಕು. ಮಗ್ಗಿನಲ್ಲಿ ಕಾಣುವುದು ಕಪ್ಪು.

ಹಾಗಾದರೆ ದಾರಿಯ ಲೆಕ್ಕಕ್ಕೆ ಸಿಗದ ಇನ್ನೇನೋ ಒಂದು ನಡೆದಿದೆ. ಎರಡು ಅಲೆಗಳಲ್ಲಿ ಒಂದು, ಪ್ರತಿಫಲಿಸುವ ಆ ಗಳಿಗೆಯಲ್ಲೇ, ತಲೆಕೆಳಗಾಗಿದೆ. ಉಬ್ಬಾಗಿ ಬಂದದ್ದು ತಗ್ಗಾಗಿ ಹಿಂದಿರುಗಿದೆ. ಪ್ರತಿಫಲನದಲ್ಲಿ ಆಗುವ ಫೇಸ್ ಬದಲಾವಣೆ ಅಂದರೆ ಇದೇ.

ಯಾವ ಅಲೆ ತಲೆಕೆಳಗಾಗುತ್ತದೆ? ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಒಮ್ಮೆ ಮೇಲಕ್ಕೆ ಜಾಡಿಸಿ ನೋಡಿ. ಉಬ್ಬು ಕಂಬದವರೆಗೆ ಓಡುತ್ತದೆ, ಅಲ್ಲಿಂದ ಕೆಳಮುಖವಾಗಿ ವಾಪಸ್ ಬರುತ್ತದೆ. ಕಂಬಕ್ಕೆ ಕಟ್ಟುವ ಬದಲು ಆ ತುದಿಯನ್ನು ಹಗುರವಾದ ದಾರಕ್ಕೆ ಗಂಟು ಹಾಕಿದ್ದರೆ ಉಬ್ಬು ಉಬ್ಬಾಗಿಯೇ ಹಿಂದಿರುಗುತ್ತದೆ. ಬೆಳಕಿನದೂ ಇದೇ ಕಥೆ. ತನ್ನನ್ನು ಜಾಸ್ತಿ ನಿಧಾನ ಮಾಡುವ ವಸ್ತುವಿಗೆ ಡಿಕ್ಕಿ ಹೊಡೆದು ವಾಪಸ್ ಬಂದರೆ ಅಲೆ ತಲೆಕೆಳಗಾಗುತ್ತದೆ. ಕಡಿಮೆ ನಿಧಾನ ಮಾಡುವ ವಸ್ತುವಿನ ಗಡಿಯಿಂದ ವಾಪಸ್ ಬಂದರೆ ಹಾಗೇ ಇರುತ್ತದೆ. ಮುಂದಿನ ಮುಖದಲ್ಲಿ ಬೆಳಕು ಗಾಳಿಯಿಂದ ಬಂದು ನೀರಿಗೆ ಬಡಿಯುತ್ತದೆ, ಹಾಗಾಗಿ ತಲೆಕೆಳಗು. ಹಿಂದಿನ ಮುಖದಲ್ಲಿ ನೀರಿನಿಂದ ಬಂದು ಗಾಳಿಯ ಗಡಿ ಮುಟ್ಟುತ್ತದೆ, ಹಾಗಾಗಿ ಬದಲಾವಣೆ ಇಲ್ಲ.

ಹಗ್ಗದ ಮಾತು ಒಪ್ಪಿಗೆಯಾಗದಿದ್ದರೆ ಬಿಡಿ, ನನಗೆ ಅದಕ್ಕಿಂತ ಇಷ್ಟವಾಗುವ ವಾದ ಬೇರೆ ಇದೆ. ಪೊರೆಯನ್ನು ತೆಳು ಮಾಡುತ್ತಾ ಹೋಗಿ. ದಪ್ಪ ಪೂರ್ತಿ ಸೊನ್ನೆಯಾದರೆ ಪೊರೆಯೇ ಇಲ್ಲ, ಬರೀ ಗಾಳಿ. ಬರೀ ಗಾಳಿಯಿಂದ ಬೆಳಕು ಪ್ರತಿಫಲಿಸುತ್ತದೆಯೇ? ಇಲ್ಲ. ಹಾಗಾದರೆ ದಪ್ಪ ಸೊನ್ನೆಯತ್ತ ಹೋದ ಹಾಗೆ ಎರಡು ಅಲೆಗಳೂ ಸೇರಿ ಸೊನ್ನೆಯಾಗಲೇಬೇಕು. ದಾರಿಯಲ್ಲಿ ವ್ಯತ್ಯಾಸವಿಲ್ಲದೆಯೂ ಅವು ಸೊನ್ನೆಯಾಗಬೇಕಾದರೆ ಒಂದು ಇನ್ನೊಂದರ ತಲೆಕೆಳಗಾದ ಪ್ರತಿಯಾಗಿರಲೇಬೇಕು. ಬೇರೆ ದಾರಿಯೇ ಇಲ್ಲ. ಕಪ್ಪು ಪೊರೆ ಒಂದು ವಿಚಿತ್ರ ಅಪವಾದ ಎಂದು ಮೇಲ್ನೋಟಕ್ಕೆ ಅನ್ನಿಸಿದರೂ, ನಿಜವಾಗಿ ವಿಚಿತ್ರವಾಗುತ್ತಿದ್ದದ್ದು ಅದು ಬೆಳ್ಳಗೆ ಹೊಳೆದಿದ್ದರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ದಾರಿಯ ವ್ಯತ್ಯಾಸ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಫಲ ಕೊಡುತ್ತದೆ. 532 ನ್ಯಾನೋಮೀಟರ್ ಹಸಿರಿಗೆ ಪೂರ್ತಿ ಒಂದು ಅಲೆ, 650ರ ಕೆಂಪಿಗೆ ಮುಕ್ಕಾಲಿಗಿಂತ ತುಸು ಜಾಸ್ತಿ, ಅಷ್ಟೇ. ಆದರೆ ತಲೆಕೆಳಗಾಗುವುದು ಎಲ್ಲ ಬಣ್ಣಕ್ಕೂ ಒಂದೇ. ಕೆಂಪಾದರೂ ನೀಲಿಯಾದರೂ ಅದು ಸರಿಯಾಗಿ ಅರ್ಧ ಅಲೆಯಷ್ಟೇ. ಅದಕ್ಕೇ ದಪ್ಪ ಸೊನ್ನೆಯ ಹತ್ತಿರ ಬಂದಾಗ ಎಲ್ಲ ಬಣ್ಣಗಳೂ ಒಟ್ಟಿಗೆ ಅಳಿಸಿಹೋಗುತ್ತವೆ. ಬೇರೆ ಯಾವ ದಪ್ಪದಲ್ಲೂ ಹೀಗಾಗುವುದಿಲ್ಲ, ಒಂದು ಬಣ್ಣ ಸತ್ತರೆ ಇನ್ನೊಂದು ಬದುಕಿರುತ್ತದೆ. ಪೊರೆಯಲ್ಲಿ ನಿಜವಾದ ಕಪ್ಪು ಮೇಲ್ತುದಿಯಲ್ಲಿ ಮಾತ್ರ ಕಾಣುವುದಕ್ಕೆ ಕಾರಣ ಇದು.

ಈಗ ನಿಯಮವನ್ನು ಹೀಗೆ ಹೇಳಬಹುದು. 2 × 1.33 × ದಪ್ಪ, ಇದು ಯಾವ ಬಣ್ಣದ ಅಲೆಯುದ್ದಕ್ಕೆ ಪೂರ್ಣ ಪಟ್ಟು ಆಗುತ್ತದೋ ಆ ಬಣ್ಣ ಅಳಿಯುತ್ತದೆ. ಅರ್ಧ, ಒಂದೂವರೆ, ಎರಡೂವರೆ ಪಟ್ಟು ಆದರೆ ಆ ಬಣ್ಣ ಹೊಳೆಯುತ್ತದೆ. ಈ ನಿಯಮ ಹಿಡಿದು ಮಗ್ಗಿನ ಪೊರೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯೋಣ. ನೀರು ಕೆಳಗೆ ಜಾರುವುದರಿಂದ ಪೊರೆ ಮೇಲೆ ತೆಳು, ಕೆಳಗೆ ದಪ್ಪ.

ಕಪ್ಪಿನ ಕೆಳಗೆ ಸುಮಾರು 100 ನ್ಯಾನೋಮೀಟರಿನ ಜಾಗ. ಲೆಕ್ಕದ ದಾರಿ 266, ಅಂದರೆ 532ರ ಅರ್ಧ. ಹಸಿರು ಪೂರ್ತಿ ಹೊಳೆಯುತ್ತದೆ, ಕೆಂಪೂ ನೀಲಿಯೂ ಹೆಚ್ಚು ಹಿಂದೆ ಬಿದ್ದಿಲ್ಲ. ಎಲ್ಲ ಸೇರಿ ಬೆಳ್ಳಿಬಿಳಿ. ಇಡೀ ಪೊರೆಯಲ್ಲಿ ಅತಿ ಪ್ರಕಾಶಮಾನವಾದ ಪಟ್ಟೆ ಇದೇ. 150ರ ಹೊತ್ತಿಗೆ ನೇರಳೆ ಅಳಿದು, ಬಿಳಿ ಕಂದುಹಳದಿಗೆ ತಿರುಗುತ್ತದೆ. 200ರಲ್ಲಿ ಹಸಿರು ಅಳಿದು ನೇರಳೆಗೆಂಪು, ಈಗಾಗಲೇ ನೋಡಿದೆವು. 250ರಲ್ಲಿ ದಾರಿ 665. ಅದು ಕೆಂಪಿನ ಪೂರ್ತಿ ಒಂದು ಅಲೆ, ಹಾಗಾಗಿ ಕೆಂಪು ಅಳಿಯುತ್ತದೆ. ಅದೇ 665, ನೀಲಿಯ 443ರ ಒಂದೂವರೆ ಪಟ್ಟು, ಹಾಗಾಗಿ ನೀಲಿ ಹೊಳೆಯುತ್ತದೆ. ಪಟ್ಟೆ ನೀಲಿ. 300ರಲ್ಲಿ ದಾರಿ 798, ಅಂದರೆ 532ರ ಒಂದೂವರೆ ಪಟ್ಟು. ಕೊನೆಗೂ ಹಸಿರು ಬಂತು! 400ರಲ್ಲಿ ಹಸಿರು ಎರಡನೇ ಸಲ ಅಳಿಯುತ್ತದೆ, ಮತ್ತೆ ನೇರಳೆಗೆಂಪು.

ಗಮನಿಸಿದಿರಾ, ಇವು ಕಾಮನಬಿಲ್ಲಿನ ಬಣ್ಣಗಳಲ್ಲ. ಕಾಮನಬಿಲ್ಲು ಬಿಳಿ ಬೆಳಕನ್ನು ಬಿಡಿಸಿ ಒಂದೊಂದು ಬಣ್ಣವನ್ನು ಒಂದೊಂದು ಜಾಗದಲ್ಲಿ ಇಡುತ್ತದೆ. ಪೊರೆ ಬಿಳಿಯಿಂದ ಕೆಲವು ಬಣ್ಣಗಳನ್ನು ಕಳೆದು, ಮಿಕ್ಕಿದ್ದನ್ನು ಬೆರೆಸಿ ತೋರಿಸುತ್ತದೆ. ಈ ನೇರಳೆಗೆಂಪು ಕಾಮನಬಿಲ್ಲಿನಲ್ಲಿ ಎಲ್ಲೂ ಸಿಗುವುದಿಲ್ಲ, ಹುಡುಕಿ ನೋಡಿ.

ಇನ್ನೂ ಕೆಳಗೆ ಇಳಿದರೆ ಬಣ್ಣಗಳು ಮಂಕಾಗುತ್ತವೆ. 1,500 ನ್ಯಾನೋಮೀಟರ್ ದಪ್ಪದಲ್ಲಿ ದಾರಿ 3,990. ಅದಕ್ಕೆ 665 ಆರನೇ ಒಂದು ಭಾಗ, 570 ಏಳನೇ, 499 ಎಂಟನೇ, 443 ಒಂಬತ್ತನೇ ಒಂದು ಭಾಗ. ಕೆಂಪಿನಲ್ಲಿ ಒಂದು ಚೂರು, ಹಳದಿಯಲ್ಲಿ ಒಂದು ಚೂರು, ಹಸಿರುನೀಲಿಯಲ್ಲಿ ಒಂದು ಚೂರು, ನೀಲಿಯಲ್ಲಿ ಒಂದು ಚೂರು ಅಳಿದಿದೆ. ಉಳಿದ ಚೂರುಗಳು ಎಲ್ಲ ಕಡೆಯಿಂದಲೂ ಇವೆ. ಕಣ್ಣಿಗೆ ಅದು ಬಿಳಿಯೇ. ಆಗಷ್ಟೇ ಎತ್ತಿದ ಪೊರೆಗೆ ಬಣ್ಣವಿಲ್ಲದಿರುವುದು ವ್ಯತಿಕರಣ ನಡೆಯದೆ ಇರುವುದರಿಂದ ಅಲ್ಲ, ಒಂದೇ ಜಾಗದಲ್ಲಿ ಅದು ತುಂಬಾ ಸಲ ನಡೆಯುವುದರಿಂದ.

ಮಗ್ಗನ್ನು ಅಲ್ಲಾಡಿಸದೆ ನೀವೇ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಪಟ್ಟೆಗಳ ಬಣ್ಣ ಬದಲಾಗುತ್ತದೆ. ಓರೆಯಾಗಿ ಹೋದ ಬೆಳಕು ಪೊರೆಯೊಳಗೆ ಜಾಸ್ತಿ ದೂರ ಸಾಗುತ್ತದೆ, ಹಾಗಾಗಿ ಪೊರೆ ಇನ್ನೂ ದಪ್ಪವಿದ್ದಂತೆ ಕಾಣಬೇಕು ಎಂದು ಬಹಳ ಜನ ಊಹಿಸುತ್ತಾರೆ. ಆಗುವುದು ಉಲ್ಟಾ. ಬೆಳಕು ಪೊರೆಯೊಳಗೆ ಓರೆಯಾಗಿ ಸಾಗುವಾಗ ಅದು ಹೊರಬರುವ ಜಾಗವೂ ಪಕ್ಕಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಮೊದಲ ಅಲೆಯೂ ಹೊರಗೆ ಗಾಳಿಯಲ್ಲಿ ಮುಂದೆ ಹೋಗಿರುತ್ತದೆ. ಅದನ್ನು ಕಳೆದರೆ ಉಳಿಯುವ ವ್ಯತ್ಯಾಸ ಕಡಿಮೆಯೇ. 60 ಡಿಗ್ರಿ ಓರೆಯಲ್ಲಿ ಬಿದ್ದ ಬೆಳಕಿಗೆ ಅದು ಸುಮಾರು 0.76 ಪಟ್ಟಿಗೆ ಇಳಿಯುತ್ತದೆ. ನೇರವಾಗಿ ನೋಡಿದಾಗ ಹಸಿರಾಗಿದ್ದ 300 ನ್ಯಾನೋಮೀಟರ್ ಪಟ್ಟೆಯ 798 ಈಗ 606. ಕೇಸರಿಗೆಂಪು ಅಳಿಯುತ್ತದೆ, ನೇರಳೆ ಹೊಳೆಯುತ್ತದೆ. ಪೊರೆ ತೆಳುವಾದಾಗ ಬರುವ ಬಣ್ಣದ ಕಡೆಗೇ ಪಟ್ಟೆ ಸರಿಯಿತು. ಹಾರುವ ಗುಳ್ಳೆಯಲ್ಲಿ ಬಣ್ಣಗಳು ಅಷ್ಟೊಂದು ಗೋಜಲಾಗಲು ಇದೂ ಒಂದು ಕಾರಣ. ಉಂಡೆಯ ಪ್ರತಿ ಜಾಗವನ್ನೂ ನಾವು ಬೇರೆ ಬೇರೆ ಓರೆಯಲ್ಲಿ ನೋಡುತ್ತಿರುತ್ತೇವೆ, ಜೊತೆಗೆ ದಪ್ಪವೂ ಎಲ್ಲ ಕಡೆ ಬೇರೆ.

ಮತ್ತೆ ಕಪ್ಪಿಗೆ ಬರೋಣ. ಅದರಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಬೇರೆ ಪಟ್ಟೆಗಳು ಒಂದರೊಳಗೊಂದು ಕರಗುತ್ತವೆ. ಬೆಳ್ಳಿಬಿಳಿಗೂ ಕಪ್ಪಿಗೂ ನಡುವೆ ಮಾತ್ರ ಕತ್ತರಿಸಿಟ್ಟಂಥ ಗೆರೆ. ಮೆಲ್ಲಗೆ ತೆಳುವಾಗುತ್ತಾ ಹೋಗಿದ್ದರೆ ನಡುವೆ ಬೂದು ಬಣ್ಣದ ಅಗಲವಾದ ಪಟ್ಟೆ ಇರಬೇಕಿತ್ತು. ಇಲ್ಲ ಅಂದರೆ, ಆ ಗೆರೆಯಲ್ಲಿ ದಪ್ಪ ಥಟ್ಟನೆ ಕುಸಿದಿದೆ. ಪೊರೆ ಇಷ್ಟು ತೆಳುವಾದಾಗ ಎರಡು ಶಕ್ತಿಗಳು ಜಗ್ಗಾಡುತ್ತವೆ. ಅಣುಗಳ ನಡುವಿನ ಸೆಳೆತ ಎರಡು ಮುಖಗಳನ್ನು ಹತ್ತಿರ ಎಳೆಯುತ್ತದೆ. ಮುಖಗಳ ಮೇಲೆ ಕೂತ ಸೋಪಿನ ಅಣುಗಳ ವಿದ್ಯುದಾವೇಶ ಅವುಗಳನ್ನು ದೂರ ಹಿಡಿಯುತ್ತದೆ. ನಡುವಿನ ದಪ್ಪಗಳಲ್ಲಿ ಪೊರೆ ನಿಲ್ಲಲಾರದೆ ಜಾರಿ, ಕೆಲವೇ ಹತ್ತು ನ್ಯಾನೋಮೀಟರ್ ದಪ್ಪಕ್ಕೆ ಬಂದು ನಿಲ್ಲುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಆ ವಿದ್ಯುತ್ ತಡೆ ದುರ್ಬಲವಾಗಿ, ಪೊರೆ ಇನ್ನೂ ತೆಳುವಾಗುತ್ತದೆ. ಅತಿ ತೆಳುವಾದದ್ದಕ್ಕೆ ನ್ಯೂಟನ್ ಕಪ್ಪು ಪೊರೆ ಎಂದು ಹೆಸರು. ಅದರ ದಪ್ಪ ಸುಮಾರು 5 ನ್ಯಾನೋಮೀಟರ್. ಸೋಪಿನ ಎರಡು ಪದರ ಬೆನ್ನಿಗೆ ಬೆನ್ನು ತಾಗಿಸಿ ನಿಂತಂತೆ, ನಡುವೆ ನೀರು ಹೆಸರಿಗಷ್ಟೇ.

ಅದು ತೂತಲ್ಲ ಎಂದು ಗೊತ್ತಾಗುವುದು ಹೇಗೆ? ನ್ಯೂಟನ್ ತನ್ನ ಗುಳ್ಳೆಗೆ ಗಾಳಿ ತಾಗದಂತೆ ಗಾಜಿನ ಪಾತ್ರೆ ಮುಚ್ಚಿಟ್ಟು ಇದನ್ನು ನೋಡಿದ್ದ. ಕಪ್ಪು ಜಾಗದಲ್ಲೂ ಮೇಣದಬತ್ತಿಯ ಪ್ರತಿಬಿಂಬ ತೀರಾ ಮಸುಕಾಗಿ ಕಾಣುವುದನ್ನು ಗುರುತಿಸಿದ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೀವೂ ನೋಡಬಹುದು. ಲೆಕ್ಕದ ಪ್ರಕಾರ 5 ನ್ಯಾನೋಮೀಟರಿನ ಪೊರೆ ಶೇ. 0.05ರಷ್ಟು ಬೆಳಕನ್ನು ವಾಪಸ್ ಕಳಿಸುತ್ತದೆ. ಬೆಳ್ಳಿಬಿಳಿ ಪಟ್ಟೆಯ ಪಕ್ಕದಲ್ಲಿ ಅದು ಕಪ್ಪಾಗಿ ಕಂಡರೆ ಆಶ್ಚರ್ಯವೇನಿಲ್ಲ. ಸುಮ್ನೆ ಉಸಿರು ತಾಗಿದರೂ ಪೊರೆ ಹೋಗಿಬಿಡುವುದರಿಂದ ಈ ಹಂತದವರೆಗೆ ಬರುವುದೇ ಕಷ್ಟ. ಫ್ಯಾನ್ ಆರಿಸಿ, ನೀರಿಗೆ ಸ್ವಲ್ಪ ಸಕ್ಕರೆ ಅಥವಾ ಗ್ಲಿಸರಿನ್ ಬೆರೆಸಿ. ನೀರು ಮಂದವಾಗಿ ಇಳಿಯುವುದು ನಿಧಾನವಾಗುತ್ತದೆ. ತೀರಾ ಜಾಸ್ತಿ ಹಾಕಿದರೆ ಕಪ್ಪಿಗೆ ಕಾದು ಕಾದು ಬೇಸರ ಬರುತ್ತದೆ.

ತಲೆಕೆಳಗಾಗುವ ಈ ಕಥೆಯನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್, 1802ರಲ್ಲಿ. ಎರಡು ಗಾಜುಗಳನ್ನು ಒತ್ತಿ ಹಿಡಿದರೆ ಅವು ತಾಗುವ ಜಾಗದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ, ನಟ್ಟನಡುವೆ ಕಪ್ಪು ಚುಕ್ಕೆ. ನಡುವಿನ ತೆಳುವಾದ ಗಾಳಿಯ ಪದರವೇ ಇಲ್ಲಿ ಪೊರೆ, ಒಂದು ಮುಖದಲ್ಲಿ ಮಾತ್ರ ತಲೆಕೆಳಗು. ಯಂಗ್ ಹೀಗೆ ಯೋಚಿಸಿದ: ನಡುವಿನ ವಸ್ತು ಒಂದು ಗಾಜಿಗಿಂತ ಹೆಚ್ಚು, ಇನ್ನೊಂದು ಗಾಜಿಗಿಂತ ಕಡಿಮೆ ಬೆಳಕನ್ನು ನಿಧಾನ ಮಾಡುವಂತಿದ್ದರೆ ಎರಡೂ ಪ್ರತಿಫಲನ ಒಂದೇ ರೀತಿಯವಾಗುತ್ತವೆ, ಆಗ ಚುಕ್ಕೆ ಬಿಳಿಯಾಗಬೇಕು. ಬೆಳಕನ್ನು ಕಡಿಮೆ ನಿಧಾನ ಮಾಡುವ ಕ್ರೌನ್ ಗಾಜಿನ ಲೆನ್ಸ್ ಮತ್ತು ಹೆಚ್ಚು ನಿಧಾನ ಮಾಡುವ ಫ್ಲಿಂಟ್ ಗಾಜಿನ ಪ್ರಿಸಂ ನಡುವೆ, ಇವೆರಡರ ಮಧ್ಯದ ಲೆಕ್ಕಕ್ಕೆ ಬರುವ ಸ್ಯಾಸಫ್ರಾಸ್ ಎಂಬ ಮರದ ಎಣ್ಣೆಯ ಒಂದು ಹನಿ ಬಿಟ್ಟ. ಚುಕ್ಕೆ ಬಿಳಿಯಾಯಿತು. ದಪ್ಪ ಬದಲಿಸಲಿಲ್ಲ, ದಾರಿ ಬದಲಿಸಲಿಲ್ಲ. ಬದಲಾದದ್ದು ಗಡಿಯ ಎರಡು ಕಡೆ ಏನಿದೆ ಎನ್ನುವುದಷ್ಟೇ.

ಇದೇ ಉಪಾಯ ಕ್ಯಾಮೆರಾ ಲೆನ್ಸಿನ ಮೇಲೂ ಇದೆ. ಗಾಜಿನ ಮೇಲೆ ಮೆಗ್ನೀಸಿಯಂ ಫ್ಲೋರೈಡಿನ ಒಂದು ಪದರ ಬಳಿದಿರುತ್ತಾರೆ, ದಪ್ಪ ಸುಮಾರು 100 ನ್ಯಾನೋಮೀಟರ್. ಸೋಪಿನ ಪೊರೆಯಲ್ಲಿ ಅತಿ ಹೆಚ್ಚು ಹೊಳೆದ ದಪ್ಪ ಅದೇ, ನೆನಪಿದೆಯಲ್ಲ? ಇಲ್ಲಿ ಮಾತ್ರ ಅದು ಹೊಳಪನ್ನು ತಗ್ಗಿಸುತ್ತದೆ. ಬೆಳಕನ್ನು ಎಷ್ಟು ಪಟ್ಟು ನಿಧಾನ ಮಾಡುತ್ತದೆ ಎಂದು ಹೇಳುವ ಸೂಚ್ಯಂಕ ಗಾಳಿಗೆ 1, ಪದರಕ್ಕೆ 1.38, ಗಾಜಿಗೆ 1.52. ಬೆಳಕು ಎರಡೂ ಗಡಿಗಳಲ್ಲಿ ಹೆಚ್ಚು ನಿಧಾನ ಮಾಡುವ ವಸ್ತುವಿಗೇ ಬಡಿಯುತ್ತದೆ. ಎರಡೂ ಅಲೆ ತಲೆಕೆಳಗಾದರೆ ಆ ಲೆಕ್ಕ ಪರಸ್ಪರ ವಜಾ, ಉಳಿಯುವುದು ದಾರಿಯದೊಂದೇ. ಅದು ಹಸಿರಿಗೆ ಅರ್ಧ ಅಲೆ, ಹಾಗಾಗಿ ಹಸಿರು ಅಳಿಯುತ್ತದೆ. ಎರಡು ಅಲೆಗಳ ಬಲ ಇಲ್ಲಿ ಪೂರ್ತಿ ಸಮವಿಲ್ಲದ ಕಾರಣ ಸೊನ್ನೆಯಾಗುವುದಿಲ್ಲ, ಬರಿಯ ಗಾಜಿನ ಶೇ. 4ರಷ್ಟು ಪ್ರತಿಫಲನ ಶೇ. 1.3ರ ಹತ್ತಿರ ಬಂದು ನಿಲ್ಲುತ್ತದೆ. ಹಸಿರು ಅಷ್ಟು ತಗ್ಗಿದಾಗ ಕೆಂಪು, ನೀಲಿ ತುಸು ಹೆಚ್ಚಾಗಿ ಉಳಿಯುತ್ತವೆ. ಒಂದೇ ಪದರ ಬಳಿದ ಹಳೆಯ ಲೆನ್ಸುಗಳನ್ನು ಬೆಳಕಿಗೆ ಹಿಡಿದರೆ ಕಾಣುವ ನೇರಳೆ ಛಾಯೆ ಹಾಗೆ ಮಿಕ್ಕಿದ ಬೆಳಕೇ.